ಯುಎಸ್‌ಬಿ ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ಮೊದಲು ಏನು ಕೇಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನಾವು ಕೆಲವರು ಸೇರಿ ಅಡಿಕೆ ಗೋದಾಮಿಗೆ ಒಂದು ಸಣ್ಣ ಬೋರ್ಡ್ ಮಾಡಿದ್ದೇವೆ. ಚಾಲಿ ಅಡಿಕೆ ಚೀಲ ಇಟ್ಟ ಕೋಣೆಯ ತೇವಾಂಶ ಮತ್ತು ಉಷ್ಣತೆ ಅಳೆದು, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕೊಡುವುದು ಅದರ ಕೆಲಸ. ಒಳಗಿರುವುದು ರಾಸ್ಪ್‌ಬೆರಿ ಪೈ ಪಿಕೊ, ಅಂದರೆ ಆರ್‌ಪಿ2040 ಚಿಪ್. ಯುಎಸ್‌ಬಿ ಅದರೊಳಗೇ ಇದೆ. ಕಾರವಾರ, ಕುಮಟಾ ಕಡೆಯ ಇಂಜಿನಿಯರಿಂಗ್ ಹುಡುಗರು, ಹುಡುಗಿಯರು ಇದೇ ಚಿಪ್ಪಿಗೋ ಎಸ್‌ಟಿಎಂ32ಕ್ಕೋ ಸ್ವಂತ ಕೋಡ್ ಬರೆಯಲು ಹೊರಟು, ಎಲ್ಲೋ ಸಿಕ್ಕಿಬಿದ್ದು ಫೋನ್ ಮಾಡುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಲೈಬ್ರರಿ ಇರುವಾಗ ಇದನ್ನೆಲ್ಲ ಯಾಕೆ ತಿಳಿಯಬೇಕು?

ಟೈನಿಯುಎಸ್‌ಬಿ ಹಾಕಿ ಕೆಲಸ ಮುಗಿಯುತ್ತಿದ್ದರೆ ಹಾಗೇ ಮಾಡಿ. ಆದರೆ ಸಾಧನ ತನ್ನ ಬಗ್ಗೆ ಹೇಳಿಕೊಳ್ಳುವ ಬೈಟುಗಳ ಪಟ್ಟಿ, ಅಂದರೆ ಡಿಸ್ಕ್ರಿಪ್ಟರ್, ಅಂತೂ ನೀವೇ ಬರೆದುಕೊಡಬೇಕು, ಅದನ್ನು ಯಾವ ಲೈಬ್ರರಿಯೂ ಊಹಿಸುವುದಿಲ್ಲ. ಅದರಲ್ಲಿ ಒಂದು ಬೈಟ್ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಹುಡುಕಲು ಕಂಪ್ಯೂಟರಿಗೂ ಬೋರ್ಡಿಗೂ ನಡೆಯುವ ಈ ಮಾತುಕತೆ ಗೊತ್ತಿರಬೇಕು.

ಸಿಕ್ಕಿಸಿದ ತಕ್ಷಣ ಮೊದಲು ಆಗುವುದೇನು? ಹೋಸ್ಟ್ ನನ್ನ ಬೋರ್ಡನ್ನು ಹೇಗೆ ಗುರುತಿಸುತ್ತದೆ?

ಮೊದಲು ಮಾತೇ ಇಲ್ಲ, ಬರೀ ವೋಲ್ಟೇಜ್. ಹೋಸ್ಟ್ ಕಡೆ, ಅಂದರೆ ಕಂಪ್ಯೂಟರ್ ಕಡೆ, ಡಿ ಪ್ಲಸ್, ಡಿ ಮೈನಸ್ ಎಂಬ ಎರಡೂ ಡೇಟಾ ತಂತಿಗಳಿಗೆ 15 ಕಿಲೋಓಮ್ ರೆಸಿಸ್ಟರ್ ಹಾಕಿ ನೆಲಕ್ಕೆ ಎಳೆದಿರುತ್ತಾರೆ. ಏನೂ ಸಿಕ್ಕಿಸಿಲ್ಲದಾಗ ಎರಡೂ ತಂತಿ ಸೊನ್ನೆಯಲ್ಲಿ ಇರುತ್ತವೆ. ನಿಮ್ಮ ಬೋರ್ಡ್ 1.5 ಕಿಲೋಓಮ್ ರೆಸಿಸ್ಟರಿನಿಂದ ಒಂದು ತಂತಿಯನ್ನು 3.3 ವೋಲ್ಟಿಗೆ ಎಳೆಯುತ್ತದೆ. ಡಿ ಪ್ಲಸ್ ಎಳೆದರೆ ಫುಲ್ ಸ್ಪೀಡ್, ಸೆಕೆಂಡಿಗೆ 12 ಮೆಗಾಬಿಟ್. ಡಿ ಮೈನಸ್ ಎಳೆದರೆ ಲೋ ಸ್ಪೀಡ್, 1.5 ಮೆಗಾಬಿಟ್. ಆ ಏರಿಕೆ ಕಂಡ ಕೂಡಲೇ ಹೋಸ್ಟಿಗೆ ಯಾರೋ ಬಂದರು ಎಂದು ತಿಳಿಯುತ್ತದೆ.

ಆದರೂ ತಕ್ಷಣ ಮಾತಾಡಿಸುವುದಿಲ್ಲ. ಪಿನ್ ಅಲುಗಾಡಿ ಸಂಪರ್ಕ ಬಿಟ್ಟು ಬಿಟ್ಟು ಬರಬಹುದು ಅಲ್ವಾ? ಅದಕ್ಕೆ ಸುಮಾರು 100 ಮಿಲಿಸೆಕೆಂಡ್ ಕಾಯುತ್ತದೆ. ಆಮೇಲೆ ಎರಡೂ ತಂತಿಗಳನ್ನು ಒಟ್ಟಿಗೆ ಕೆಳಗೆ ಹಿಡಿದು ರೀಸೆಟ್ ಕೊಡುತ್ತದೆ. ರೀಸೆಟ್ ಮುಗಿದ ಮೇಲೆ ನಿಮ್ಮ ಬೋರ್ಡಿನ ವಿಳಾಸ ಸೊನ್ನೆ. ಮೊದಲ ಪ್ರಶ್ನೆ ಬರುವುದು ಆ ಸೊನ್ನೆ ವಿಳಾಸಕ್ಕೆ, ಎಂಡ್‌ಪಾಯಿಂಟ್ ಸೊನ್ನೆಗೆ. ಎಂಡ್‌ಪಾಯಿಂಟ್ ಅಂದರೆ ಸಾಧನದಲ್ಲಿ ಡೇಟಾ ಬಂದು ಹೋಗುವ ಒಂದು ಬಾಗಿಲು.

ಆರ್‌ಪಿ2040ಯಲ್ಲಿ ಈ ಎಳೆಯುವ ರೆಸಿಸ್ಟರ್ ಚಿಪ್ಪಿನೊಳಗೇ ಇದೆ, ಅದನ್ನು ಆನ್ ಮಾಡುವುದು ನಿಮ್ಮ ಕೋಡ್. ಹಾಗಾಗಿ ಎಂಡ್‌ಪಾಯಿಂಟ್ ಸೊನ್ನೆ, ಇಂಟರಪ್ಟ್ ಎಲ್ಲ ಸಿದ್ಧ ಮಾಡಿಕೊಂಡು, ಕೊನೆಯ ಸಾಲಿನಲ್ಲಿ ಅದನ್ನು ಆನ್ ಮಾಡಿ. ಮೊದಲೇ ಆನ್ ಮಾಡಿ ಆಮೇಲೆ ಸೆನ್ಸರ್ ಹುಡುಕುತ್ತಾ ಕೂತರೆ ಹೋಸ್ಟ್ ಪ್ರಶ್ನೆ ಕೇಳುವ ಹೊತ್ತಿಗೆ ನೀವು ಇರುವುದಿಲ್ಲ.

ಸಿಕ್ಕಿಸಿದರೂ ಲಿನಕ್ಸಿನ dmesg ನಲ್ಲಿ ಒಂದು ಸಾಲೂ ಬರುವುದಿಲ್ಲ. ಕೋಡ್ ತಪ್ಪಾ?

ಬಹುಶಃ ಅಲ್ಲ. ಒಂದೂ ಸಾಲು ಬರಲಿಲ್ಲ ಅಂದರೆ ಹೋಸ್ಟಿಗೆ ಆ ವೋಲ್ಟೇಜ್ ಏರಿಕೆಯೇ ಕಾಣಿಸಿಲ್ಲ. ಮೊದಲು ಕೇಬಲ್ ಬದಲಾಯಿಸಿ. ಬರೀ ಚಾರ್ಜಿಗೆಂದು ಬರುವ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಎಲ್‌ಇಡಿ ಹೊತ್ತುತ್ತದೆ, ಮಾತಿಲ್ಲ.

ಕಾರವಾರ, ಅಂಕೋಲಾ ಕಡೆಯವರು ಕನೆಕ್ಟರನ್ನೂ ನೋಡಬೇಕು. ಸಮುದ್ರದ ಉಪ್ಪು ಗಾಳಿಗೆ ಮೈಕ್ರೋ ಯುಎಸ್‌ಬಿಯ ಪಿನ್‌ಗಳು ಒಂದೇ ಮಳೆಗಾಲದಲ್ಲಿ ಕಿಲುಬು ಹಿಡಿದದ್ದನ್ನು ನೋಡಿದ್ದೇನೆ. ಪಿನ್ ಮೇಲೆ ಹಸಿರು ಪುಡಿ ಕಂಡರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ನೋಡಿ.

ಎಸ್‌ಟಿಎಂ32ಎಫ್103 ಇರುವ ನೀಲಿ ಬೋರ್ಡ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಆ ಚಿಪ್ಪಿನಲ್ಲಿ ಆ ಎಳೆಯುವ ರೆಸಿಸ್ಟರ್, ಅಂದರೆ ಪುಲ್‌ಅಪ್, ಒಳಗೆ ಇಲ್ಲ, ಬೋರ್ಡಿನ ಮೇಲೆ ಹೊರಗಡೆ ಹಾಕಿರುತ್ತಾರೆ. ಅಗ್ಗದ ಬೋರ್ಡುಗಳಲ್ಲಿ R10 ಎಂಬ ಜಾಗದಲ್ಲಿ 1.5 ಕಿಲೋಓಮ್ ಬದಲು 10 ಕಿಲೋಓಮ್ ಇರುವುದು ಹಳೆಯ ಕತೆ. ಲೆಕ್ಕ ಹಾಕಿ ನೋಡಿ. 1.5 ಇದ್ದರೆ ಡಿ ಪ್ಲಸ್ ಮೇಲೆ 3.3 × 15 ÷ 16.5 = 3.0 ವೋಲ್ಟ್ ಸಿಗುತ್ತದೆ. 10 ಇದ್ದರೆ 3.3 × 15 ÷ 25 = 1.98 ವೋಲ್ಟ್. 'ಹೈ' ಎಂದು ಒಪ್ಪಿಕೊಳ್ಳಲು ಕನಿಷ್ಠ 2.0 ಬೇಕು. ಗಡಿಯಲ್ಲೇ ನಿಂತಿದೆ. ಅದಕ್ಕೇ ಒಂದೇ ಬೋರ್ಡ್ ಒಬ್ಬರ ಲ್ಯಾಪ್‌ಟಾಪಿನಲ್ಲಿ ನಡೆದು ಇನ್ನೊಬ್ಬರದ್ದರಲ್ಲಿ ನಡೆಯುವುದಿಲ್ಲ. ಮೀಟರ್ ಹಿಡಿದು ಆ ರೆಸಿಸ್ಟರ್ ಅಳೆಯಿರಿ, ಕೋಡ್ ಆಮೇಲೆ ನೋಡೋಣ.

ಹಾಗಾದರೆ ನಿಜವಾದ ಮೊದಲ ಪ್ರಶ್ನೆ ಯಾವುದು?

"ನಿನ್ನ ಡಿವೈಸ್ ಡಿಸ್ಕ್ರಿಪ್ಟರ್ ಕೊಡು." ಅದು 8 ಬೈಟಿನ ಸೆಟಪ್ ಪ್ಯಾಕೆಟ್ ಆಗಿ ಬರುತ್ತದೆ. ಲಿನಕ್ಸ್ ಮತ್ತು ವಿಂಡೋಸ್ ಫುಲ್ ಸ್ಪೀಡ್ ಸಾಧನಕ್ಕೆ ಸಾಮಾನ್ಯವಾಗಿ ಕಳಿಸುವುದು ಇದನ್ನು:

```
80 06 00 01 00 00 40 00
```

ಎಡದಿಂದ ಓದೋಣ. `80` ಅಂದರೆ ಉತ್ತರ ಸಾಧನದಿಂದ ಹೋಸ್ಟ್ ಕಡೆಗೆ ಬರಬೇಕು, ಇದು ಮಾಮೂಲಿ ಪ್ರಶ್ನೆ, ಕೇಳುತ್ತಿರುವುದು ಇಡೀ ಸಾಧನವನ್ನು. `06` ಅಂದರೆ GET_DESCRIPTOR. ಮುಂದಿನ ಎರಡು ಬೈಟ್ ಸೇರಿ 0x0100. ಯುಎಸ್‌ಬಿಯಲ್ಲಿ ಚಿಕ್ಕ ಬೈಟ್ ಮೊದಲು ಬರುತ್ತದೆ, ಹಾಗಾಗಿ `00 01` ಎಂದು ಕಾಣುತ್ತದೆ. ಇದರ ಮೇಲಿನ ಬೈಟ್ 1, ಅಂದರೆ ಡಿವೈಸ್ ಡಿಸ್ಕ್ರಿಪ್ಟರ್. ಆಮೇಲಿನ ಎರಡು ಸೊನ್ನೆ ಇಲ್ಲಿ ಲೆಕ್ಕಕ್ಕಿಲ್ಲ. ಕೊನೆಯ `40 00` ಅಂದರೆ 64, "ಹೆಚ್ಚೆಂದರೆ ಇಷ್ಟು ಬೈಟ್ ಕೊಡು" ಎಂದು.

ಆರ್‌ಪಿ2040ಯಲ್ಲಿ ಈ 8 ಬೈಟ್ ಯುಎಸ್‌ಬಿಗೆಂದೇ ಇರುವ 4 ಕಿಲೋಬೈಟ್ ಮೆಮೊರಿಯ ಮೊದಲ 8 ಬೈಟಿನಲ್ಲಿ ಬಂದು ಕೂರುತ್ತದೆ. "ಬಂತು" ಎಂದು ಹೋಸ್ಟಿಗೆ ಹೇಳುವುದು ಹಾರ್ಡ್‌ವೇರ್. ಉತ್ತರ ತುಂಬುವುದು ನೀವು.

ಡಿವೈಸ್ ಡಿಸ್ಕ್ರಿಪ್ಟರ್ ಇರುವುದೇ 18 ಬೈಟ್. 64 ಯಾಕೆ ಕೇಳುತ್ತದೆ?

ಈ ಹೊತ್ತಿಗೆ ಹೋಸ್ಟಿಗೆ ಬೇಕಿರುವುದು ನಿಜಕ್ಕೂ ಒಂದೇ ಬೈಟ್, ಎಂಟನೆಯದು. ಅದರ ಹೆಸರು bMaxPacketSize0. ಎಂಡ್‌ಪಾಯಿಂಟ್ ಸೊನ್ನೆಯಲ್ಲಿ ಒಂದು ಪ್ಯಾಕೆಟ್ಟಿಗೆ ಎಷ್ಟು ಬೈಟ್ ಹಿಡಿಯುತ್ತದೆ ಎಂದು ಅದು ಹೇಳುತ್ತದೆ. ಫುಲ್ ಸ್ಪೀಡಿನಲ್ಲಿ ಅದು 8, 16, 32, 64 ಇವುಗಳಲ್ಲಿ ಒಂದು. ಅದು ಗೊತ್ತಾಗುವವರೆಗೆ ದೊಡ್ಡ ಉತ್ತರ ಎಲ್ಲಿ ಮುಗಿಯಿತು ಎಂದು ಹೋಸ್ಟಿಗೆ ಹೇಳಲು ಬರುವುದಿಲ್ಲ. ಅತಿ ಸಣ್ಣ ಪ್ಯಾಕೆಟ್ 8 ಬೈಟ್, ಆ ಮಾಹಿತಿಯೂ ಮೊದಲ 8 ಬೈಟಿನೊಳಗೇ ಇದೆ. ಇದು ಕಾಕತಾಳೀಯ ಅಲ್ಲ, ಬೇಕಂತಲೇ ಹಾಗೆ ಇಟ್ಟಿದ್ದಾರೆ.

64 ಎಂದು ಕೇಳಿದರೆ ಪ್ಯಾಕೆಟ್ ಅಳತೆ ಎಷ್ಟೇ ಇರಲಿ, ಮೊದಲ ಪ್ಯಾಕೆಟ್ ಬಂದೊಡನೆ ಕೆಲಸ ಆಗುತ್ತದೆ. ನೀವು ಮಾತ್ರ 64 ಬೈಟ್ ಕಳಿಸಬೇಡಿ. ಕೇಳಿದ್ದು ಮತ್ತು ಇರುವುದು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. ಇಲ್ಲಿ 18.

ಇಲ್ಲೊಂದು ಗುಂಡಿ ಇದೆ. ಎಂಡ್‌ಪಾಯಿಂಟ್ ಸೊನ್ನೆ 8 ಬೈಟಿನದ್ದಾದರೆ 18 ಬೈಟ್ ಮೂರು ಪ್ಯಾಕೆಟ್ಟಿನಲ್ಲಿ ಹೋಗಬೇಕು. ವಿಂಡೋಸ್ ಮೊದಲ ಪ್ಯಾಕೆಟ್ ಪಡೆದು "ಸಾಕು" ಎಂದು ಮಾತು ಮುಗಿಸಿ ರೀಸೆಟ್ ಕೊಡುತ್ತದೆ. ಉಳಿದ ಎರಡು ಪ್ಯಾಕೆಟ್ ಕೇಳುವವರು ಇರುವುದಿಲ್ಲ. ನಿಮ್ಮ ಕೋಡ್ "ಮೂರೂ ಹೋಗುವವರೆಗೆ ಬಿಡೆ" ಎಂದು ಲೂಪಿನಲ್ಲಿ ನಿಂತಿದ್ದರೆ ಅಲ್ಲೇ ನಿಂತಿರುತ್ತದೆ. ರೀಸೆಟ್ ಬಂದರೆ ಅಥವಾ ಹೊಸ ಸೆಟಪ್ ಬಂದರೆ, ಅರ್ಧಕ್ಕೆ ನಿಂತ ಹಳೆಯ ಉತ್ತರವನ್ನು ಎಸೆದುಬಿಡಬೇಕು.

ಒಮ್ಮೆ ರೀಸೆಟ್ ಆಗಿತ್ತು. ಇನ್ನೊಮ್ಮೆ ಯಾಕೆ?

ಲಿನಕ್ಸ್ ಇಲ್ಲಿ ವಿಂಡೋಸ್ ದಾರಿಯನ್ನೇ ಹಿಡಿಯುತ್ತದೆ. ವಿಂಡೋಸಿನಲ್ಲಿ ಮಾತ್ರ ಪರೀಕ್ಷೆ ಮಾಡಿ ಮಾರುಕಟ್ಟೆಗೆ ಬಿಟ್ಟ ಸಾಧನಗಳು ಬೇರೆ ಕ್ರಮದಲ್ಲಿ ಕೇಳಿದರೆ ಗಲಿಬಿಲಿಯಾಗುತ್ತವೆ. ಅದಕ್ಕೆ ಮೊದಲು ಡಿಸ್ಕ್ರಿಪ್ಟರ್, ಆಮೇಲೆ ರೀಸೆಟ್, ಆಮೇಲೆ ವಿಳಾಸ, ಆಮೇಲೆ ಪೂರ್ತಿ 18 ಬೈಟ್. ಇದು ಸೋತರೆ ಹಳೆಯ ಕ್ರಮವನ್ನೂ ಪ್ರಯತ್ನಿಸುತ್ತದೆ. ಅದರಲ್ಲಿ ವಿಳಾಸ ಮೊದಲು. ನಿಮ್ಮ ಕೋಡ್ ಯಾವ ಕ್ರಮವನ್ನೂ ನಂಬಿ ಕೂರಬಾರದು.

ವಿಳಾಸ ಕೊಡುವಲ್ಲಿ ಬಹಳ ಜನ ಎಡವುತ್ತಾರಂತೆ. ಯಾಕೆ?

ಹೌದು, ನಮಗೆ ಬರುವ ಫೋನುಗಳಲ್ಲಿ ಇದೇ ಜಾಸ್ತಿ. SET_ADDRESS ಹೀಗೆ ಬರುತ್ತದೆ:

```
00 05 07 00 00 00 00 00
```

"ಇನ್ನು ಮೇಲೆ ನಿನ್ನ ವಿಳಾಸ 7." ಡೇಟಾ ಏನೂ ಇಲ್ಲ. ಒಪ್ಪಿಗೆ ಸೂಚಿಸಲು ನೀವು ಒಂದು ಖಾಲಿ ಪ್ಯಾಕೆಟ್ ಕಳಿಸಬೇಕು. ಪ್ರಶ್ನೆ ಇರುವುದು ಆ ಒಪ್ಪಿಗೆ ಯಾವ ವಿಳಾಸದಿಂದ ಹೋಗಬೇಕು ಎನ್ನುವುದರಲ್ಲಿ. ಹಳೆಯ ವಿಳಾಸದಿಂದಲೇ, ಅಂದರೆ ಸೊನ್ನೆಯಿಂದ. ಹೋಸ್ಟ್ ಆ ಖಾಲಿ ಪ್ಯಾಕೆಟ್ ಕೇಳುವುದು ಸೊನ್ನೆ ವಿಳಾಸದಲ್ಲಿ. ನೀವು ಸೆಟಪ್ ಬಂದ ಕೂಡಲೇ ರಿಜಿಸ್ಟರಿನಲ್ಲಿ 7 ಬರೆದರೆ, ಸೊನ್ನೆಗೆ ಬಂದ ಕರೆಗೆ ಓಗೊಡುವವರು ಯಾರೂ ಇರುವುದಿಲ್ಲ. ಹೊಸ ಮನೆಯ ಕೀಲಿ ಸಿಕ್ಕಿತೆಂದು, ಹಳೆ ಮನೆಗೆ ಬರುವ ಪೋಸ್ಟಿಗೆ ಕಾಯದೆ ಹೊರಟ ಹಾಗೆ.

ಆರ್‌ಪಿ2040ಯಲ್ಲಿ ಕಾಯುವ ಕೆಲಸ ನಿಮ್ಮದು:

```c
// SET_ADDRESS ಬಂದಾಗ
new_addr = setup->wValue & 0x7f;
addr_pending = true;
ep0_send_zlp();

// ಎಂಡ್‌ಪಾಯಿಂಟ್ ಸೊನ್ನೆಯ ಪ್ಯಾಕೆಟ್ ಹೋಗಿ ಮುಗಿದಾಗ
if (addr_pending) {
    usb_hw->dev_addr_ctrl = new_addr;
    addr_pending = false;
}
```

ಒಪ್ಪಿಗೆ ಕೊಟ್ಟ ಮೇಲೆ ವಿಳಾಸ ಬದಲಿಸಿಕೊಳ್ಳಲು ನಿಮಗೆ 2 ಮಿಲಿಸೆಕೆಂಡ್ ಸಿಗುತ್ತದೆ. ಇಂಟರಪ್ಟಿನಲ್ಲಿ ಮಾಡಿದರೆ ಧಾರಾಳವಾಗಿ ಸಾಕು. ಮುಖ್ಯ ಲೂಪಿನಲ್ಲಿ, ಡಿಸ್‌ಪ್ಲೇಗೆ ಬರೆಯುವ ಕೆಲಸದ ಮಧ್ಯೆ ಮಾಡಿದರೆ ಸಾಲದು.

ಎಲ್ಲ ಚಿಪ್ಪಿನಲ್ಲೂ ಹೀಗೇ ಎಂದುಕೊಳ್ಳಬೇಡಿ. ಎಟಿಮೆಗಾ32ಯು4ನಲ್ಲಿ ವಿಳಾಸವನ್ನು ಮೊದಲೇ ಬರೆದಿಟ್ಟು, ಒಪ್ಪಿಗೆ ಹೋದ ಮೇಲೆ ADDEN ಬಿಟ್ ಹಾಕುತ್ತಾರೆ. ಎಸ್‌ಟಿಎಂ32ಎಫ್4ರಂಥ ಚಿಪ್ಪಿನಲ್ಲಿ ಕೂಡಲೇ ಬರೆದರೂ ಹಾರ್ಡ್‌ವೇರ್ ಸಂಭಾಳಿಸುತ್ತದೆ. ಒಂದರ ಕೋಡನ್ನು ಇನ್ನೊಂದಕ್ಕೆ ನಕಲು ಮಾಡಿದಾಗ ಕೆಡುವುದು ಇಲ್ಲೇ.

ಇದೇ ವಿಷಯದ ಇನ್ನೊಂದು ತುದಿ: ಬಸ್ ರೀಸೆಟ್ ಬಂದಾಗ `dev_addr_ctrl` ಅನ್ನು ಸೊನ್ನೆ ಮಾಡುವುದನ್ನು ಮರೆತರೆ ಮೊದಲ ಸಲ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಬೋರ್ಡಿಗೆ ಬೇರೆ ಕಡೆಯಿಂದ ಕರೆಂಟ್ ಇದ್ದು ಲ್ಯಾಪ್‌ಟಾಪ್ ಮಾತ್ರ ರೀಸ್ಟಾರ್ಟ್ ಆದಾಗ ಬೋರ್ಡ್ ಮಾಯ. ಮಳೆಗಾಲದಲ್ಲಿ ಗೋದಾಮಿನಲ್ಲಿ ಇನ್ವರ್ಟರ್ ಮೇಲೆ ಬೋರ್ಡ್ ಓಡುತ್ತಾ, ಲ್ಯಾಪ್‌ಟಾಪ್ ಬ್ಯಾಟರಿ ಮುಗಿದು ಆಫ್ ಆಗಿ ಮತ್ತೆ ಆನ್ ಆದಾಗ ಆಗುವುದು ಇದೇ.

dmesg ನಲ್ಲಿ "device descriptor read/64, error -71" ಅಂತ ಬರುತ್ತದೆ. ಕೆಲವೊಮ್ಮೆ -110. ಏನು ವ್ಯತ್ಯಾಸ?

ಆ ಸಂಖ್ಯೆಯೇ ಅರ್ಧ ಉತ್ತರ. `read/64` ಅಂದರೆ ಮೇಲೆ ಹೇಳಿದ 64 ಬೈಟಿನ ಮೊದಲ ಪ್ರಶ್ನೆಯಲ್ಲೇ ನಿಂತಿತು ಎಂದು.

-71 ಅಂದರೆ ತಂತಿಯ ಮೇಲೆ ಬಂದದ್ದು ಅರ್ಥವಾಗಲಿಲ್ಲ, ಅಥವಾ ಏನೂ ಬರಲೇ ಇಲ್ಲ. ಕೇಬಲ್, ಬೆಸುಗೆ, ಕ್ಲಾಕ್ ನೋಡಿ. ಫುಲ್ ಸ್ಪೀಡಿನಲ್ಲಿ ಸಾಧನದ ಕ್ಲಾಕ್ ಶೇಕಡಾ 0.25ರೊಳಗೆ ಇರಬೇಕು. ಸಾಮಾನ್ಯ ಒಳಗಿನ ಆರ್‌ಸಿ ಆಸಿಲೇಟರ್ ಶೇಕಡಾ 1ರಷ್ಟು ಆಚೀಚೆ ಹೋಗುತ್ತದೆ. ಅದಕ್ಕೇ ಕ್ರಿಸ್ಟಲ್ ಬೇಕು. ಎಸ್‌ಟಿಎಂ32ಎಫ್103ರಲ್ಲಿ 72 ಮೆಗಾಹರ್ಟ್ಸನ್ನು 1.5ರಿಂದ ಭಾಗಿಸಿ 48 ಮಾಡಿಕೊಳ್ಳಬೇಕು. ಅದನ್ನು ಬಿಟ್ಟರೆ ಬರುವುದು ಇದೇ -71.

-110 ಅಂದರೆ ಸಾಧನ ಜೀವಂತ ಇದೆ, ಆದರೆ "ತಡಿ, ತಡಿ" ಎನ್ನುತ್ತಲೇ ಇದೆ, ಉತ್ತರ ಕೊಡಲಿಲ್ಲ. ಇಲ್ಲಿ ತಂತಿ ಸರಿ ಇದೆ, ಕೋಡ್ ತಪ್ಪಿದೆ. ಉತ್ತರ ತುಂಬಿ ಹಾರ್ಡ್‌ವೇರಿಗೆ ಒಪ್ಪಿಸದೇ ಇದ್ದದ್ದು ಒಂದು ಕಾರಣ. ಇನ್ನೊಂದು ಕಾರಣ ಸ್ವಲ್ಪ ಮೋಸದ್ದು. ಸೆಟಪ್ ಯಾವಾಗಲೂ DATA0 ಗುರುತಿನಲ್ಲಿ ಬರುತ್ತದೆ, ನಿಮ್ಮ ಉತ್ತರದ ಮೊದಲ ಪ್ಯಾಕೆಟ್ DATA1 ಆಗಿರಬೇಕು. ಅದನ್ನು DATA0 ಎಂದು ಕಳಿಸಿದರೆ ಹೋಸ್ಟ್ "ಇದು ಹಳೆಯ ಪ್ಯಾಕೆಟ್ಟೇ ಮತ್ತೆ ಬಂತು" ಎಂದುಕೊಂಡು ಸ್ವೀಕೃತಿ ಕೊಡುತ್ತದೆ, ಡೇಟಾ ಮಾತ್ರ ಎಸೆಯುತ್ತದೆ. ನಿಮ್ಮ ಕಡೆ "ಹೋಯಿತು, ಸ್ವೀಕರಿಸಿದರು" ಎಂದೇ ಕಾಣುತ್ತದೆ. ಹೋಸ್ಟ್ ಇನ್ನೂ ಕಾಯುತ್ತಿದೆ, ನಿಮಗೆ ಮುಗಿದಿದೆ. ಲಿನಕ್ಸ್ 5 ಸೆಕೆಂಡ್ ಕಾದು -110 ಬರೆಯುತ್ತದೆ. ಆರ್‌ಪಿ2040ಯಲ್ಲಿ ಈ ಗುರುತನ್ನು ನಿಮ್ಮ ಕೋಡೇ ಹಾಕಬೇಕು. ಪ್ರತಿ ಸೆಟಪ್ ಬಂದಾಗಲೂ ಅದನ್ನು 1ಕ್ಕೆ ತಂದುಬಿಡಿ.

-32 ಬಂದರೆ ಸುಲಭ. ಸಾಧನವೇ "ನನ್ನಿಂದ ಆಗದು" ಎಂದು ಸ್ಟಾಲ್ ಕೊಟ್ಟಿದೆ.

ಮೊದಲ ಪ್ರಶ್ನೆ ದಾಟಿ `Device not responding to setup address` ಎಂದು ಬಂದರೆ ಹಿಂದಿನ ಉತ್ತರಕ್ಕೆ ಹೋಗಿ, ವಿಳಾಸ ಬದಲಿಸುವ ಜಾಗ ನೋಡಿ. ವಿಂಡೋಸಿನಲ್ಲಿ ಇಷ್ಟು ವಿವರ ಸಿಗುವುದಿಲ್ಲ. `Device Descriptor Request Failed` ಅಥವಾ `Set Address Failed`, ಅಷ್ಟೇ. ಹಾಗಾಗಿ ಹುಡುಕುವ ಕೆಲಸಕ್ಕೆ ಲಿನಕ್ಸ್ ಇರುವ ಒಂದು ಹಳೆ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ.

ವಿಳಾಸ ಸಿಕ್ಕಿತು, ಹೆಸರೂ ಕಾಣುತ್ತದೆ. ಆದರೂ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಇದಕ್ಕೆ ನಮ್ಮ ಗೋದಾಮಿನ ಬೋರ್ಡಿನದ್ದೇ ಉದಾಹರಣೆ ಕೊಡುತ್ತೇನೆ. ಮೊದಲು ಅದು ಎಚ್‌ಐಡಿ, ಅಂದರೆ ಕೀಬೋರ್ಡ್, ಮೌಸ್‌ಗಳ ವರ್ಗದ ಸಾಧನವಾಗಿ ರೀಡಿಂಗ್ ಮಾತ್ರ ಕಳಿಸುತ್ತಿತ್ತು. ಆಮೇಲೆ ಫ್ಯಾನ್ ರಿಲೇ ಆನ್ ಮಾಡಲು ಲ್ಯಾಪ್‌ಟಾಪಿನಿಂದ ಆಜ್ಞೆ ಹೋಗಬೇಕು ಎಂದಾಯಿತು. ಕುಮಟಾದ ಹುಡುಗನೊಬ್ಬ ಇನ್ನೊಂದು ಎಂಡ್‌ಪಾಯಿಂಟ್ ಸೇರಿಸಿದ. ರೀಡಿಂಗ್ ಬರುತ್ತಿತ್ತು, ಫ್ಯಾನ್ ತಿರುಗಲಿಲ್ಲ. ಲ್ಯಾಪ್‌ಟಾಪಿನಿಂದ ಬರೆದಾಗ `Broken pipe` ಎಂಬ ದೂರು.

ಹೋಸ್ಟ್ ಕಾನ್ಫಿಗರೇಶನ್ ಡಿಸ್ಕ್ರಿಪ್ಟರನ್ನು ಎರಡು ಹಂತದಲ್ಲಿ ಕೇಳುತ್ತದೆ. ಮೊದಲು 9 ಬೈಟ್ ಮಾತ್ರ. ಅದರಲ್ಲಿ ಮೂರು, ನಾಲ್ಕನೇ ಬೈಟ್ ಸೇರಿ wTotalLength, ಅಂದರೆ ಹಿಂದೆ ಬರುವ ಇಂಟರ್ಫೇಸ್, ಎಂಡ್‌ಪಾಯಿಂಟ್ ಎಲ್ಲ ಸೇರಿ ಒಟ್ಟು ಉದ್ದ. ಅದನ್ನು ನೋಡಿಕೊಂಡು ಅಷ್ಟನ್ನೇ ಮತ್ತೆ ಕೇಳುತ್ತದೆ. ಹುಡುಗನ ಬೋರ್ಡ್ ಕೊಡುತ್ತಿದ್ದದ್ದು ಇದು:

```
09 02 22 00 01 01 00 80 32
09 04 00 00 02 03 00 00 00
09 21 11 01 00 01 22 21 00
07 05 81 03 40 00 0A
07 05 01 03 40 00 0A
```

ಪ್ರತಿ ಸಾಲಿನ ಮೊದಲ ಬೈಟ್ ಆ ಸಾಲಿನ ಉದ್ದ. ಕೂಡಿ ನೋಡಿ: 9 + 9 + 9 + 7 + 7 = 41, ಅಂದರೆ 0x29. ಮೊದಲ ಸಾಲಿನಲ್ಲಿ ಇರುವುದು 0x22, ಅಂದರೆ 34. ಅದು ಹಳೆಯ ಲೆಕ್ಕ, ಒಂದೇ ಎಂಡ್‌ಪಾಯಿಂಟ್ ಇದ್ದಾಗಿನದ್ದು. ಎರಡನೇ ಸಾಲಿನಲ್ಲಿ ಎಂಡ್‌ಪಾಯಿಂಟ್ ಸಂಖ್ಯೆಯನ್ನು `02` ಎಂದು ಸರಿಯಾಗಿಯೇ ತಿದ್ದಿದ್ದ. ಒಟ್ಟು ಉದ್ದ ತಿದ್ದಿರಲಿಲ್ಲ.

ಹೋಸ್ಟ್ 34 ಬೈಟ್ ಕೇಳಿತು, 34 ಬೈಟ್ ಬಂತು. ಕೊನೆಯ ಸಾಲು ಹೋಸ್ಟಿಗೆ ತಲುಪಲೇ ಇಲ್ಲ. dmesg ನಲ್ಲಿ ಅದು ಬರೆದಿತ್ತು ಕೂಡ:

```
config 1 interface 0 altsetting 0 has 1 endpoint descriptor,
different from the interface descriptor's value: 2
```

ಆದರೆ ಅದು ಎಚ್ಚರಿಕೆ ಮಾತ್ರ, ಲಿನಕ್ಸ್ ಅಲ್ಲಿಗೇ ನಿಲ್ಲಿಸುವುದಿಲ್ಲ. ಇದ್ದ ಒಂದು ಎಂಡ್‌ಪಾಯಿಂಟಿನಲ್ಲಿ ಕೆಲಸ ಶುರು ಮಾಡಿತು. ಹೊರಗೆ ಹೋಗುವ ಎಂಡ್‌ಪಾಯಿಂಟ್ ಇಲ್ಲದಿದ್ದರೆ ಲಿನಕ್ಸಿನ ಎಚ್‌ಐಡಿ ಡ್ರೈವರ್ ಆಜ್ಞೆಯನ್ನು ಎಂಡ್‌ಪಾಯಿಂಟ್ ಸೊನ್ನೆಯಲ್ಲಿ SET_REPORT ಆಗಿ ಕಳಿಸುತ್ತದೆ. ನಮ್ಮ ಕೋಡಿಗೆ ಆ ಪ್ರಶ್ನೆ ಗೊತ್ತಿರಲಿಲ್ಲ, ಸ್ಟಾಲ್ ಕೊಟ್ಟಿತು. ಅದು ಲ್ಯಾಪ್‌ಟಾಪಿನಲ್ಲಿ `Broken pipe` ಆಗಿ ಕಂಡಿತು. ರಿಲೇ ಬದಲಾಯಿಸಿ, ತಂತಿ ಬದಲಾಯಿಸಿ ಒದ್ದಾಡಿದ್ದ ಪಾಪ. `22` ಅನ್ನು `29` ಮಾಡಿದ ಮೇಲೆ ಫ್ಯಾನ್ ತಿರುಗಿತು.

ಇಂಥದ್ದಕ್ಕೆ ಕೈಲೆಕ್ಕ ಬೇಡ. ಇಡೀ ಕಾನ್ಫಿಗರೇಶನನ್ನು ಒಂದು ಸ್ಟ್ರಕ್ಟ್ ಮಾಡಿ, ಉದ್ದಕ್ಕೆ `sizeof` ಹಾಕಿ. ಕಂಪೈಲರೇ ಲೆಕ್ಕ ಇಡಲಿ.

ಸ್ಟ್ರಕ್ಟ್ ಮಾಡಿದೆ. ಈಗ ಇನ್ನೂ ಕೆಟ್ಟಿತು!

`__attribute__((packed))` ಹಾಕಿಲ್ಲ ಅಲ್ವಾ? ಎಂಡ್‌ಪಾಯಿಂಟ್ ಡಿಸ್ಕ್ರಿಪ್ಟರ್ 7 ಬೈಟ್. ಒಳಗೆ ಒಂದು `uint16_t` ಇರುವುದರಿಂದ ಕಂಪೈಲರ್ ಕೊನೆಗೆ ಒಂದು ಖಾಲಿ ಬೈಟ್ ಸೇರಿಸಿ 8 ಮಾಡುತ್ತದೆ. 9 ಬೈಟಿನ ಕಾನ್ಫಿಗರೇಶನ್ 10 ಆಗುತ್ತದೆ. ಆ ಸೊನ್ನೆ ಬೈಟನ್ನು ಹೋಸ್ಟ್ ಮುಂದಿನ ಡಿಸ್ಕ್ರಿಪ್ಟರಿನ ಉದ್ದ ಎಂದು ಓದುತ್ತದೆ. ಉದ್ದ ಸೊನ್ನೆ ಇರುವ ಡಿಸ್ಕ್ರಿಪ್ಟರ್ ಜಗತ್ತಿನಲ್ಲಿ ಇಲ್ಲ.

ನನ್ನ ಡಿಸ್ಕ್ರಿಪ್ಟರ್ ಸರಿಯಾಗಿ 64 ಬೈಟ್ ಇದೆ. ಹೋಸ್ಟ್ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ವಿಂಡೋಸ್ ಅನೇಕ ಸಲ ಕಾನ್ಫಿಗರೇಶನ್ ಕೇಳುವಾಗ 255 ಬೈಟ್ ಎಂದು ಕೇಳುತ್ತದೆ. ನಿಮ್ಮದು 64, ಪ್ಯಾಕೆಟ್ ಅಳತೆಯೂ 64. ಒಂದು ತುಂಬಿದ ಪ್ಯಾಕೆಟ್ ಹೋಯಿತು. ಹೋಸ್ಟಿಗೆ ಇನ್ನೂ ಇದೆಯೋ, ಮುಗಿಯಿತೋ ಗೊತ್ತಾಗುವುದಿಲ್ಲ. ತುಂಬದ ಪ್ಯಾಕೆಟ್ ಬಂದರೆ ಮಾತ್ರ ಮುಗಿಯಿತು ಎಂದು ಅರ್ಥ. ಆದ್ದರಿಂದ ಉತ್ತರ ಕೇಳಿದ್ದಕ್ಕಿಂತ ಕಡಿಮೆ ಇದ್ದು, ಪ್ಯಾಕೆಟ್ ಅಳತೆಯಿಂದ ಸರಿಯಾಗಿ ಭಾಗವಾಗುತ್ತಿದ್ದರೆ, ಕೊನೆಗೊಂದು ಖಾಲಿ ಪ್ಯಾಕೆಟ್ ಕಳಿಸಿ. ಕೇಳಿದ್ದೇ 64, ಕೊಟ್ಟದ್ದೂ 64 ಆದರೆ ಖಾಲಿ ಪ್ಯಾಕೆಟ್ ಬೇಡ.

ಹೋಸ್ಟ್ ಏನೇನೋ ಕೇಳುತ್ತದೆ, ನನ್ನ ಹತ್ತಿರ ಉತ್ತರ ಇಲ್ಲ. ಸುಮ್ನೆ ಬಿಟ್ಟರೆ ಆಗದೇ?

ಆಗುವುದಿಲ್ಲ. ಸುಮ್ಮನಿದ್ದರೆ ಹೋಸ್ಟ್ ಕಾಯುತ್ತಲೇ ಇರುತ್ತದೆ. ಗೊತ್ತಿಲ್ಲದ್ದಕ್ಕೆ ಸ್ಟಾಲ್ ಕೊಡಿ, ಅದು ಪೂರ್ತಿ ಮರ್ಯಾದೆಯ ಉತ್ತರ. ಫುಲ್ ಸ್ಪೀಡ್ ಮಾತ್ರ ಬಲ್ಲ ಸಾಧನಕ್ಕೆ ಡಿವೈಸ್ ಕ್ವಾಲಿಫೈಯರ್, ಅಂದರೆ 6ನೇ ಬಗೆಯ ಡಿಸ್ಕ್ರಿಪ್ಟರ್ ಕೇಳಿದರೆ ಸ್ಟಾಲೇ ಸರಿಯಾದ ಉತ್ತರ. ವಿಂಡೋಸ್ 0xEE ಸಂಖ್ಯೆಯ ಸ್ಟ್ರಿಂಗ್ ಕೇಳುವುದೂ ಉಂಟು, ಅದಕ್ಕೂ ಸ್ಟಾಲ್. ಸುಮ್ಮನೆ ಶೋಕಿಗೆ bcdUSB ಯನ್ನು 0x0201 ಮಾಡಬೇಡಿ. ಹಾಗೆ ಮಾಡಿದರೆ ಬಿಒಎಸ್ ಡಿಸ್ಕ್ರಿಪ್ಟರನ್ನೂ ಕೇಳುತ್ತದೆ, ಅದನ್ನೂ ಬರೆಯಬೇಕಾಗುತ್ತದೆ.

ಬ್ರೇಕ್‌ಪಾಯಿಂಟ್ ಇಟ್ಟು ನೋಡಿದರೆ ಕೆಡುತ್ತದೆ, ತೆಗೆದರೆ ಸರಿ. ಹೇಗೆ ಹುಡುಕುವುದು?

ನೀವು ನಿಲ್ಲಿಸಿದರೂ ಹೋಸ್ಟ್ ನಿಲ್ಲುವುದಿಲ್ಲ. ಪ್ರತಿ ಸೆಟಪ್ ಪ್ಯಾಕೆಟ್ಟಿನ 8 ಬೈಟನ್ನೂ ರ್‍ಯಾಮಿನ ಒಂದು ಅರೇಯಲ್ಲಿ ಸಾಲಾಗಿ ಬರೆದಿಡಿ, ಎಲ್ಲ ಮುಗಿದ ಮೇಲೆ ಯುಎಆರ್‌ಟಿಯಲ್ಲಿ ಹೊರಗೆ ಕಳಿಸಿ. ಇಂಟರಪ್ಟಿನೊಳಗೆ `printf` ಬೇಡ. ಪಟ್ಟಿಯ ಕೊನೆಯ ಸಾಲು ಯಾವುದೋ, ತಪ್ಪು ಅದಕ್ಕೆ ಕೊಟ್ಟ ಉತ್ತರದಲ್ಲಿದೆ. ಮೊದಲ ಪ್ರಶ್ನೆಯೇ ಮೂರ್ನಾಲ್ಕು ಸಲ ಬಂದಿದ್ದರೆ ನಿಮ್ಮ ಉತ್ತರ ತಲುಪುತ್ತಿಲ್ಲ. ಅದೊಂದು ಬಂದು SET_ADDRESS ಬಂದು, ಆಮೇಲೆ ಮತ್ತೆ ಮೊದಲಿನಿಂದ ಶುರುವಾದರೆ ವಿಳಾಸದ ತೊಂದರೆ.

ಹೋಸ್ಟ್ ಕಡೆಯಿಂದ ನೋಡಲು `modprobe usbmon` ಮಾಡಿ ವೈರ್‌ಶಾರ್ಕ್ ತೆರೆಯಬಹುದು. ಅದರಲ್ಲಿ ತಂತಿಯ ಮೇಲಿನ ರೀಸೆಟ್ ನೇರವಾಗಿ ಕಾಣುವುದಿಲ್ಲ, "ತಡಿ" ಎಂದದ್ದೂ ಕಾಣುವುದಿಲ್ಲ. ಈಗಿನ ಎಕ್ಸ್‌ಎಚ್‌ಸಿಐ ಪೋರ್ಟುಗಳಲ್ಲಿ SET_ADDRESS ಕೂಡ ಕಾಣುವುದಿಲ್ಲ, ಯಾಕೆಂದರೆ ಅದನ್ನು ಕಳಿಸುವುದು ಕಂಟ್ರೋಲರ್ ಚಿಪ್ಪೇ. ಕಾಣಲಿಲ್ಲ ಎಂದು ಬಂದೇ ಇಲ್ಲ ಅಂದುಕೊಳ್ಳಬೇಡಿ. ಅಗ್ಗದ 24 ಮೆಗಾಹರ್ಟ್ಸ್ ಲಾಜಿಕ್ ಅನಲೈಜರ್ ಫುಲ್ ಸ್ಪೀಡಿಗೆ ಒಂದು ಬಿಟ್ಟಿಗೆ ಎರಡೇ ಸ್ಯಾಂಪಲ್ ಕೊಡುತ್ತದೆ, ಅದನ್ನು ನಂಬಿ ತೀರ್ಮಾನ ಮಾಡಲು ಬರುವುದಿಲ್ಲ.

ಸಾಧನದ ಹೆಸರು ಕನ್ನಡದಲ್ಲಿ ಇಡಬಹುದಾ?

ಖಂಡಿತ. ಸ್ಟ್ರಿಂಗ್ ಡಿಸ್ಕ್ರಿಪ್ಟರ್ ಯುಟಿಎಫ್-16ರಲ್ಲಿ ಇರುತ್ತದೆ, ಕನ್ನಡದ ಒಂದೊಂದು ಚಿಹ್ನೆಗೆ ಎರಡು ಬೈಟ್. "ಅಡಿಕೆ" ಎಂಬುದು ಹೀಗೆ:

```
0C 03 85 0C A1 0C BF 0C 95 0C C6 0C
```

ಮೊದಲ `0C` ಉದ್ದ, ಅಂದರೆ 12. `03` ಸ್ಟ್ರಿಂಗ್ ಎಂಬ ಗುರುತು. ಆಮೇಲೆ ಅ, ಡ, ಗುಡಿಸು, ಕ, ಎತ್ವ. ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ ಐದು. ಸೊನ್ನೆಯ ಸ್ಟ್ರಿಂಗಿನಲ್ಲಿ ಭಾಷೆಯ ಸಂಖ್ಯೆ ಕೊಡಬೇಕು. ಕನ್ನಡಕ್ಕೆ 0x044B ಎಂದಿದೆ, ಆದರೆ ಎಲ್ಲರೂ ಕೊಡುವ 0x0409 ಇಟ್ಟು ಒಳಗೆ ಕನ್ನಡ ಬರೆದರೆ ತೊಂದರೆ ಕಡಿಮೆ. ಲಿನಕ್ಸಿನಲ್ಲಿ `/sys/bus/usb/devices` ಒಳಗೆ ನಿಮ್ಮ ಸಾಧನದ `product` ಫೈಲನ್ನು `cat` ಮಾಡಿದರೆ ಕನ್ನಡದಲ್ಲೇ ಕಾಣುತ್ತದೆ.

ವೆಂಡರ್ ಐಡಿ ಯಾವುದು ಹಾಕಲಿ?

ಮನೆಯೊಳಗಿನ ಪರೀಕ್ಷೆಗೆ pid.codes ನವರು ಬಿಟ್ಟಿರುವ 0x1209, 0x0001 ಜೋಡಿ ಸಾಕು. ಅದನ್ನು ಹಾಕಿ ಯಾರಿಗೂ ಮಾರಬೇಡಿ, ಹಂಚಬೇಡಿ. ಬೇರೆ ಕಂಪನಿಯ ಸಂಖ್ಯೆ ಕದ್ದರೆ ಅವರ ಡ್ರೈವರ್ ಬಂದು ನಿಮ್ಮ ಬೋರ್ಡ್ ಮೇಲೆ ಕೂರುತ್ತದೆ.

ಡಿಸ್ಕ್ರಿಪ್ಟರ್ ಬದಲಿಸಿದೆ, ವಿಂಡೋಸ್ ಹಳೆಯದನ್ನೇ ನಂಬಿಕೊಂಡಿದೆ.

ವಿಂಡೋಸ್ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಮತ್ತು bcdDevice ನೋಡಿ ಹಿಂದಿನ ಕೆಲವು ಸಂಗತಿಗಳನ್ನು ರಿಜಿಸ್ಟ್ರಿಯಲ್ಲಿ ನೆನಪಿಟ್ಟುಕೊಳ್ಳುತ್ತದೆ. 0xEE ಗೆ ಒಮ್ಮೆ ಸ್ಟಾಲ್ ಕೊಟ್ಟಿದ್ದರೆ ಅದನ್ನೂ ನೆನಪಿಟ್ಟು ಮತ್ತೆ ಕೇಳುವುದಿಲ್ಲ. ಡಿಸ್ಕ್ರಿಪ್ಟರ್ ಬದಲಿಸಿದಾಗಲೆಲ್ಲ bcdDevice ಒಂದು ಹೆಚ್ಚಿಸಿ, 0x0100 ಇದ್ದದ್ದು 0x0101. ಡಿವೈಸ್ ಮ್ಯಾನೇಜರಿನಲ್ಲಿ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಸಿಕ್ಕಿಸಿ. ಎಸ್‌ಟಿಎಂ32ಎಫ್103ರವರು ಹೊಸ ಕೋಡ್ ಹಾಕಿದ ಮೇಲೆ ಕೇಬಲನ್ನು ಕೈಯಾರೆ ಕಿತ್ತು ಹಾಕಬೇಕು. ಅಲ್ಲಿ ಪುಲ್‌ಅಪ್ ಸದಾ ಆನ್ ಇರುವುದರಿಂದ ಬೋರ್ಡ್ ರೀಸ್ಟಾರ್ಟ್ ಆದದ್ದು ಹೋಸ್ಟಿಗೆ ತಿಳಿಯುವುದೇ ಇಲ್ಲ. ಅದು ಬೇಸರವಾದರೆ ಕೋಡ್ ಶುರುವಿನಲ್ಲಿ ಡಿ ಪ್ಲಸ್ ಇರುವ PA12 ಪಿನ್ನನ್ನು ಕೆಲವು ಮಿಲಿಸೆಕೆಂಡ್ ಕೆಳಗೆ ಹಿಡಿದು ಬಿಡಿ, ಹೋಸ್ಟಿಗೆ ಕಿತ್ತು ಹಾಕಿದ ಹಾಗೆಯೇ ಕಾಣುತ್ತದೆ.